ತೊಂಬತ್ತು ಪರ್ಸೆಂಟ್ ಎಂದರೆ ಎಷ್ಟು? ಒಂದು ಎಕರೆ ಡ್ರಿಪ್‌ನ ಪೂರಾ ಲೆಕ್ಕ

ಮುಳಬಾಗಿಲು ಕಡೆ ಬೇಸಾಯ ಮಾಡುವ ನನ್ನ ಚಿಕ್ಕಪ್ಪನ ಮಗ ಒಂದು ಸಂಜೆ ಫೋನ್ ಮಾಡಿದ. ಒಂದು ಎಕರೆಗೆ ಟೊಮೆಟೊ ಇಡಬೇಕೆಂದು ಡ್ರಿಪ್‌ಗೆ ಅರ್ಜಿ ಹಾಕಿದ್ದ. ಡೀಲರ್ ಕೊಟೇಶನ್ ಕೈಗಿಟ್ಟಿದ್ದರು.

"ಅಣ್ಣಾ, ತೊಂಬತ್ತು ಪರ್ಸೆಂಟ್ ಸಬ್ಸಿಡಿ ಅಂದ್ರು. ಬಿಲ್ಲು ಐವತ್ತೆಂಟು ಸಾವಿರ. ಅಂದ್ರೆ ನಾನು ಐದು ಸಾವಿರದ ಎಂಟುನೂರು ಕಟ್ಟಿದ್ರೆ ಆಯ್ತಲ್ವಾ? ಇವ್ರು ನೋಡಿದ್ರೆ ಹದಿನೇಳೂವರೆ ಸಾವಿರ ಕಟ್ಟು ಅಂತಾರೆ. ನಂಗೆ ಮೋಸ ಮಾಡ್ತಿದ್ದಾರಾ?"

ಮೋಸವಿರಲಿಲ್ಲ. ಆದರೆ ಹದಿನೇಳೂವರೆ ಸಾವಿರ ಎಲ್ಲಿಂದ ಬಂತೆಂದು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಮಾರನೇ ದಿನ ಊರಿಗೆ ಹೋದೆ. ಜಗುಲಿ ಮೇಲೆ ಕೂತು, ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಅದೇ ಲೆಕ್ಕ ಇಲ್ಲಿದೆ. ಓದಲು ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ. ದರ ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಲೆಕ್ಕದ ದಾರಿ ಮಾತ್ರ ಎಲ್ಲ ಕಡೆ ಒಂದೇ. ನಿಮ್ಮ ಕೊಟೇಶನ್ನಿನ ದರಗಳನ್ನು ಈ ಜಾಗಗಳಲ್ಲಿ ಬರೆದುಕೊಂಡರೆ ನಿಮ್ಮ ಹೊಲದ ಲೆಕ್ಕ ಸಿಗುತ್ತದೆ.

ಮೊದಲು ಪೈಪಿನ ಉದ್ದ. ಡ್ರಿಪ್ ಖರ್ಚಿನ ಬಹುಪಾಲು ಇರುವುದು ಅಲ್ಲೇ, ಡೀಲರ್ ಸಹಾಯವಿಲ್ಲದೆ ರೈತ ತಾನೇ ಲೆಕ್ಕ ಹಾಕಬಹುದಾದದ್ದೂ ಅದೇ. ಒಂದು ಎಕರೆ ಎಂದರೆ 43,560 ಚದರ ಅಡಿ. ನಲವತ್ತು ಗುಂಟೆ, ಗುಂಟೆಗೆ 1,089 ಚದರ ಅಡಿ. ಈ 43,560ನ್ನು ನಿಮ್ಮ ಸಾಲಿನಿಂದ ಸಾಲಿಗಿರುವ ಅಡಿಯಿಂದ ಭಾಗಿಸಿ. ಬಂದದ್ದು ಬೇಕಾದ ಲ್ಯಾಟರಲ್ ಪೈಪು, ಅಡಿ ಲೆಕ್ಕದಲ್ಲಿ. ಅದನ್ನು 3.28ರಿಂದ ಭಾಗಿಸಿದರೆ ಮೀಟರ್. ಹೊಲ ಚೌಕವಾಗಿರಲಿ, ಉದ್ದುದ್ದವಾಗಿರಲಿ, ಒಟ್ಟು ಉದ್ದ ಹೆಚ್ಚುಕಮ್ಮಿ ಇಷ್ಟೇ ಬರುತ್ತದೆ.

ನಮ್ಮವನು ಟೊಮೆಟೊಗೆ ಸಾಲಿಂದ ಸಾಲಿಗೆ ಐದು ಅಡಿ ಬಿಡುತ್ತಾನೆ. ಕೋಲು ನೆಟ್ಟು ದಾರ ಕಟ್ಟುವವರಿಗೆ ಮಧ್ಯೆ ಓಡಾಡಲು, ಔಷಧಿ ಹೊಡೆಯಲು ಅಷ್ಟಾದರೂ ಬೇಕು. 43,560ನ್ನು ಐದರಿಂದ ಭಾಗಿಸಿದರೆ 8,712 ಅಡಿ, ಅಂದರೆ 2,655 ಮೀಟರ್. ಇದೇ ಎಕರೆಗೆ ನಾಲ್ಕು ಅಡಿ ಸಾಲು ಹಾಕಿದರೆ 3,320 ಮೀಟರ್ ಬೇಕು. ಮೂರು ಅಡಿಗೆ ಇಳಿಸಿದರೆ 4,425. ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ, ಮೂರಡಿ ಐದಡಿ ಎಂದು ನೆಟ್ಟು ಜೋಡಿಗೊಂದು ಪೈಪು ಎಳೆದರೆ ಎಂಟಡಿಗೊಂದು ಲೈನು. ಆಗ 1,660 ಮೀಟರ್ ಸಾಕು. ಅಡಿಕೆಗೆ ಒಂಬತ್ತಡಿ ಅಂತರದಲ್ಲಿ ಒಂದೊಂದೇ ಲೈನು ಎಳೆದರೆ 1,475. ತೆಂಗಿಗೆ ಮೂವತ್ತಡಿಯಾದರೆ ಸಾಲಿನ ಪೈಪು 443 ಮೀಟರ್ ಮಾತ್ರ. ಅದರ ಮೇಲೆ ಮರದ ಸುತ್ತ ಹಾಕುವ ಬಳೆಯ ಪೈಪನ್ನು ಕೂಡಿಸಿಕೊಳ್ಳಬೇಕು.

"ಎಕರೆಗೆ ಡ್ರಿಪ್‌ಗೆ ಎಷ್ಟಾಗತ್ತೆ?" ಎಂದು ಕೇಳಿದರೆ ಅನುಭವಸ್ಥರು ತಿರುಗಿ "ಯಾವ ಬೆಳೆ, ಸಾಲು ಎಷ್ಟಡಿ?" ಎಂದು ಕೇಳುವುದು ಇದಕ್ಕೇ. ತೆಂಗಿನ ಎಕರೆಗೂ ಟೊಮೆಟೊ ಎಕರೆಗೂ ಪೈಪು ಐದಾರು ಪಟ್ಟು ವ್ಯತ್ಯಾಸ. ಸರ್ಕಾರ ಸಬ್ಸಿಡಿ ಲೆಕ್ಕಕ್ಕೆ ಮಾಡಿಟ್ಟಿರುವ ಪಟ್ಟಿಯೂ ಸಾಲಿನ ಅಂತರದ ಮೇಲೆಯೇ ನಿಂತಿದೆ.

2,655 ಮೀಟರ್ ಬೇಕೆಂದರೆ ಅಷ್ಟನ್ನೇ ತರಲಾಗುವುದಿಲ್ಲ. ತುದಿ ಮಡಚಲು, ಸಬ್‌ಮೇನ್‌ನಿಂದ ಸಾಲಿನ ತಲೆವರೆಗೆ ತಿರುಗಿಸಲು, ಗುದ್ದಲಿ ತಾಗಿ ಕತ್ತರಿಸಿದಾಗ ತೇಪೆ ಹಾಕಲು ನೂರಕ್ಕೆ ಐದು ಹೆಚ್ಚು ಬೇಕು. ಅಲ್ಲಿಗೆ 2,790 ಆಯಿತು. ನಮಗೆ ಸಿಕ್ಕ ಹದಿನಾರು ಎಂಎಂ ಇನ್‌ಲೈನ್ ಪೈಪು 400 ಮೀಟರಿನ ಉರುಳೆಯಲ್ಲಿತ್ತು. ಏಳು ಉರುಳೆ ತಂದರೆ 2,800. ಸರಿಹೋಯಿತು. ಇನ್‌ಲೈನ್ ಎಂದರೆ ಪೈಪಿನ ಹೊಟ್ಟೆಯೊಳಗೇ ಡ್ರಿಪ್ಪರ್ ಕೂರಿಸಿ ಬಂದದ್ದು. ನಾವು ಆರಿಸಿದ್ದು 40 ಸೆಂಟಿಮೀಟರಿಗೊಂದು ಡ್ರಿಪ್ಪರ್, ಒಂದೊಂದೂ ಗಂಟೆಗೆ ಎರಡು ಲೀಟರ್ ಬಿಡುವಂಥದ್ದು.

ಇನ್ನು ನೀರಿನ ಮಾತು. ಕೊಟೇಶನ್ ಬರೆಯುವವರು ಬಹಳ ಸಲ ಹಾರಿಸಿಬಿಡುವ ಜಾಗ ಇದೇ, ಮುಂದೆ ಹೊಲದಲ್ಲಿ ಜಗಳ ಹುಟ್ಟುವ ಜಾಗವೂ ಇದೇ. 2,655 ಮೀಟರಿನಲ್ಲಿ 40 ಸೆಂಟಿಮೀಟರಿಗೊಂದರಂತೆ ಸುಮಾರು 6,640 ಡ್ರಿಪ್ಪರ್. ಎಲ್ಲವೂ ಒಟ್ಟಿಗೆ ಬಿಟ್ಟರೆ ಗಂಟೆಗೆ 13,280 ಲೀಟರ್ ಬೇಕು. ಬೋರ್‌ವೆಲ್ ಅಷ್ಟು ಕೊಡುತ್ತದೆಯೇ?

ಬೋರ್ ಕೊರೆದ ದಿನ "ಎರಡಿಂಚು ನೀರು ಬಿತ್ತು", "ಮೂರಿಂಚು ಬಿತ್ತು" ಎನ್ನುತ್ತೇವೆ. ಅದು ಪೈಪಿನ ಅಳತೆಯಲ್ಲ. ವಿ ಆಕಾರದ ಕಚ್ಚಿರುವ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯಿತು ಎಂಬುದು. ಎತ್ತರ ಏರಿದಂತೆ ಕಚ್ಚಿನ ಅಗಲವೂ ಏರುವುದರಿಂದ ಒಂದು ಇಂಚಿನ ವ್ಯತ್ಯಾಸ ಸಣ್ಣದಲ್ಲ. ಎರಡಿಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್. ಮೂರಿಂಚು ಎಂದರೆ ಸುಮಾರು 8,000. "ಒಂದಿಂಚು ತಾನೇ ಕಮ್ಮಿ" ಎಂದುಕೊಂಡವರಿಗೆ ಮೂರನೇ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು ನೀರು ಸಿಗುತ್ತದೆ. ಮೇಲಾಗಿ ಅದು ಕೊರೆದ ದಿನದ ಮಾತು. ಎರಡು ಬೇಸಿಗೆ ಕಳೆದ ಮೇಲೆ ಬೋರಿನ ಗುಟ್ಟು ಬೇರೆಯೇ ಇರುತ್ತದೆ.

ಹಾಗಾಗಿ ನಾವು ಮೋಟರ್ ಹಾಕಿ ಒಂದು ಗಂಟೆ ಓಡಲು ಬಿಟ್ಟು, ಆಮೇಲೆ ಇನ್ನೂರು ಲೀಟರಿನ ಡ್ರಮ್ ಹಿಡಿದೆವು. ತೊಂಬತ್ತು ಸೆಕೆಂಡಿಗೆ ತುಂಬಿತು. ಗಂಟೆಗೆ ಎಂಟು ಸಾವಿರ ಲೀಟರ್. ಮೋಟರ್ ಹಾಕಿದ ಕೂಡಲೇ ಹಿಡಿದಿದ್ದರೆ ಬೋರಿನಲ್ಲಿ ನಿಂತಿದ್ದ ನೀರೂ ಸೇರಿ ಲೆಕ್ಕ ದಾರಿ ತಪ್ಪುತ್ತಿತ್ತು.

ಎಂಟು ಸಾವಿರ ಲೀಟರಿನಲ್ಲಿ ಹದಿಮೂರು ಸಾವಿರ ಕುಡಿಯುವ ಎಕರೆಯನ್ನು ಒಂದೇ ಸಲಕ್ಕೆ ಓಡಿಸಲಾಗದು. ಎರಡು ಭಾಗ ಮಾಡಿದರೆ ಒಂದೊಂದಕ್ಕೆ 6,640 ಲೀಟರ್. ಬೋರಿಗೆ ಒಂದಿಷ್ಟು ಉಸಿರೂ ಉಳಿಯುತ್ತದೆ. ಅಲ್ಲಿಗೆ ಎರಡು ವಾಲ್ವು. ಬಿಸಿಲುಗಾಲದಲ್ಲಿ ಬಲಿತ ಟೊಮೆಟೊ ಗಿಡಕ್ಕೆ ಎಕರೆಗೆ ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಲೀಟರ್ ಎಂದಿಟ್ಟುಕೊಂಡರೆ ಒಂದು ವಾಲ್ವು ಒಂದೂವರೆ ಗಂಟೆ, ಇನ್ನೊಂದು ಒಂದೂವರೆ ಗಂಟೆ. ಮೂರು ಗಂಟೆ ಕರೆಂಟಿದ್ದರೆ ಕೆಲಸ ಮುಗಿಯಿತು.

ಅದೇ ಬೋರು ಎರಡಿಂಚಿನದಾಗಿದ್ದರೆ? ಆಗ 2,900 ಲೀಟರಿಗೆ ಒಂದು ಸಲಕ್ಕೆ ಒಂಬತ್ತು ಸಾಲು ಮಾತ್ರ ಓಡಿಸಬಹುದು. ನಲವತ್ತೆರಡು ಸಾಲಿಗೆ ಐದು ಭಾಗ, ಐದು ವಾಲ್ವು. ಇಪ್ಪತ್ತು ಸಾವಿರ ಲೀಟರ್ ಎತ್ತಲು ಏಳು ಗಂಟೆ. ಪಂಪ್‌ಸೆಟ್‌ಗೆ ಸಿಗುವ ತ್ರೀಫೇಸ್ ಪೂರಾ ಅದಕ್ಕೇ ಸರಿಯಾಯಿತು. ಐದು ಭಾಗಕ್ಕೂ ನೀರು ಮುಟ್ಟಿಸಲು ಮೇನ್ ಪೈಪನ್ನು ಹೊಲದ ಅಂಚಿಗುಂಟ ಇನ್ನೂ ಐವತ್ತು ಮೀಟರ್ ಎಳೆಯಬೇಕು. ವಾಲ್ವು, ಟೀ, ಪೈಪು ಎಲ್ಲ ಸೇರಿ ಬಿಲ್ಲು ಸುಮಾರು ಐದು ಸಾವಿರ ಏರುತ್ತದೆ. ಹೊಲ ಒಂದೇ, ಬೆಳೆ ಒಂದೇ, ಬೋರು ಸೊರಗಿದ್ದಕ್ಕೆ ಖರ್ಚು ಹೆಚ್ಚು. ಇದನ್ನು ಮೊದಲೇ ಅಳೆಯದೆ ಎರಡು ವಾಲ್ವಿಗೆ ಕಿಟ್ ತಂದವರ ಹೊಲದಲ್ಲಿ ಸಾಲಿನ ತಲೆ ಹಸಿರಾಗಿ ಬಾಲ ಬಾಡಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರು ಪೈಪನ್ನು ಬೈಯುತ್ತಿದ್ದರು. ಪೈಪಿನ ತಪ್ಪೇನೂ ಇರಲಿಲ್ಲ.

ಈಗ ಬಿಲ್ಲಿಗೆ ಬರೋಣ. ನಮ್ಮವನ ಹೊಲ ಹೆಚ್ಚುಕಮ್ಮಿ ಚೌಕ, ಒಂದು ಬದಿ 208 ಅಡಿ, ಅಂದರೆ 64 ಮೀಟರ್. ಬೋರು ಹೊಲದ ಮೇಲ್ಬದಿಯಿಂದ ಅರವತ್ತು ಮೀಟರ್ ದೂರ. ಬೋರಿನಿಂದ 63 ಎಂಎಂ ಪಿವಿಸಿ ಮೇನ್ ಪೈಪು ಬಂದು ಹೊಲದ ಮೇಲಂಚಿನ ಮಧ್ಯಕ್ಕೆ ಸೇರುತ್ತದೆ. ಅಲ್ಲಿ ಒಂದು ಟೀ, ಎಡಕ್ಕೊಂದು ವಾಲ್ವು, ಬಲಕ್ಕೊಂದು ವಾಲ್ವು. ಎರಡೂ ಕಡೆ 32 ಮೀಟರ್ ಉದ್ದಕ್ಕೆ 50 ಎಂಎಂ ಸಬ್‌ಮೇನ್. ಒಂದೊಂದು ಸಬ್‌ಮೇನ್‌ನಿಂದ ಇಪ್ಪತ್ತೊಂದು ಸಾಲು ಇಳಿಜಾರಿನತ್ತ ಹೊರಡುತ್ತವೆ. ಒಂದು ಸಾಲಿನ ಉದ್ದ 64 ಮೀಟರ್. ಹದಿನಾರು ಎಂಎಂ ಪೈಪಿಗೆ ಈ ಉದ್ದ ಹೊರೆಯಲ್ಲ. ನೂರು ಮೀಟರ್ ದಾಟಿದರೆ ಈ ಡ್ರಿಪ್ಪರಿಗೆ ತುದಿಯಲ್ಲಿ ಒತ್ತಡ ಸೋಲತೊಡಗುತ್ತದೆ. ಅಷ್ಟು ಉದ್ದದ ಹೊಲವಿದ್ದವರು ಸಬ್‌ಮೇನನ್ನು ಅಂಚಿಗೆ ಹಾಕದೆ ಹೊಲದ ನಡುವೆ ಹಾಯಿಸಿ ಎರಡೂ ಕಡೆ ಸಾಲು ಬಿಡಬೇಕು.

ಇನ್‌ಲೈನ್ ಪೈಪಿಗೆ ಮೀಟರಿಗೆ 13 ರೂಪಾಯಿ ಹಿಡಿದೆವು. 2,800 ಮೀಟರಿಗೆ 36,400. ಪಿವಿಸಿ ಪೈಪು ಆರು ಮೀಟರಿನ ತುಂಡಿನಲ್ಲಿ ಬರುತ್ತದೆ. 63 ಎಂಎಂ ಹತ್ತು ತುಂಡು, ತುಂಡಿಗೆ 400ರಂತೆ ನಾಲ್ಕು ಸಾವಿರ. 50 ಎಂಎಂ ಹನ್ನೊಂದು ತುಂಡು, 300ರಂತೆ 3,300. ಡಿಸ್ಕ್ ಫಿಲ್ಟರ್ ನಾಲ್ಕು ಸಾವಿರ. ಗೊಬ್ಬರ ಬಿಡುವ ವೆಂಚುರಿ, ಅದರ ಜೋಡಣೆ ಸೇರಿ 1,500. ಬಾಲ್ ವಾಲ್ವು ಮೂರು, 300ರಂತೆ 900. ಎರಡು ಭಾಗಕ್ಕೆರಡು, ಹೆಚ್ಚಾದ ನೀರನ್ನು ಬೋರಿನ ಹತ್ತಿರವೇ ಹೊರಗೆ ಬಿಡಲು ಬೈಪಾಸಿಗೊಂದು. ಸಬ್‌ಮೇನ್ ತುದಿಗೆ ಫ್ಲಶ್ ವಾಲ್ವು ಎರಡು, 160. ಏರ್ ವಾಲ್ವು, ಒತ್ತಡ ತೋರಿಸುವ ಗೇಜು ಸೇರಿ 550.

ಇನ್ನು ಸಣ್ಣ ಸಾಮಾನು. ಸಬ್‌ಮೇನ್‌ಗೆ ತೂತು ಕೊರೆದು ಕೂರಿಸುವ ರಬ್ಬರ್ ಗ್ರೋಮೆಟ್, ಅದರೊಳಗೆ ಸಿಕ್ಕಿಸುವ ಟೇಕಾಫ್. ಸಾಲಿಗೊಂದು ಜೊತೆ. ನಲವತ್ತೆರಡು ಬೇಕು, ನಲವತ್ತೈದು ತಂದೆವು. ಜೊತೆಗೆ 8 ರೂಪಾಯಿಯಂತೆ 360. ತುದಿ ಮುಚ್ಚುವ ಎಂಡ್ ಕ್ಯಾಪ್ ನಲವತ್ತೈದು, ಮೂರು ರೂಪಾಯಿಯಂತೆ 135. ಪೈಪು ತುಂಡಾದರೆ ಸೇರಿಸುವ ಜಾಯಿನರ್ ಇಪ್ಪತ್ತು, 60 ರೂಪಾಯಿ. ಎಲ್ಬೋ, ಟೀ, ರೆಡ್ಯೂಸರ್, ಥ್ರೆಡ್ಡಿನ ಅಡಾಪ್ಟರ್, ಸಲ್ಯೂಷನ್ ಎಲ್ಲ ಸೇರಿ 1,500.

ಸಾಮಾನಿನ ಮೊತ್ತ 52,865. ಅದರ ಮೇಲೆ ಜಿಎಸ್‌ಟಿ. ಹನಿ ನೀರಾವರಿ ಸಾಮಗ್ರಿಗೆ ಮೊದಲು ನೂರಕ್ಕೆ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಐದರಂತೆ 2,643 ರೂಪಾಯಿ. ಹನ್ನೆರಡೇ ಇದ್ದಿದ್ದರೆ 6,344 ಆಗುತ್ತಿತ್ತು. ಹಳೇ ದರ ಹಾಕಿದ ಕೊಟೇಶನ್ ಕೈಗೆ ಬಂದರೆ ವಾಪಸು ಕೊಟ್ಟು ತಿದ್ದಿಸಿಕೊಳ್ಳಿ. ಒಂದು ಮಾತು ನೆನಪಿರಲಿ: ಪಿವಿಸಿ ಪೈಪನ್ನು ಡ್ರಿಪ್ ಸೆಟ್ಟಿನ ಜೊತೆಯಲ್ಲದೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೆ ಅದಕ್ಕೆ ತೆರಿಗೆ ಹೆಚ್ಚು. ಜೋಡಿಸುವ ಕೂಲಿ 2,500 ಸೇರಿಸಿದರೆ ಒಟ್ಟು 58,008.

ಈ ಬಿಲ್ಲನ್ನು ಒಂದು ಸಲ ಹಿಂದೆ ಸರಿದು ನೋಡಿ. ಸಾಮಾನಿನ ಮೊತ್ತದಲ್ಲಿ ನೂರಕ್ಕೆ 69 ರೂಪಾಯಿ ಒಂದೇ ಬಾಬ್ತಿಗೆ, ಲ್ಯಾಟರಲ್ ಪೈಪಿಗೆ ಹೋಗಿದೆ. ಟೇಕಾಫ್, ಗ್ರೋಮೆಟ್, ಎಂಡ್ ಕ್ಯಾಪ್, ಜಾಯಿನರ್ ಎಲ್ಲ ಕೂಡಿದರೂ 555 ರೂಪಾಯಿ. ಆದರೆ ಅಂಗಡಿಯಲ್ಲಿ ನಾವು ಚೌಕಾಸಿ ಮಾಡುವುದು ಟೇಕಾಫಿಗೆ ಎಂಟಾಣೆ ಕಮ್ಮಿ ಮಾಡಿ ಎಂದು. ಅಲ್ಲಿ ಉಳಿಯುವುದು ಇಪ್ಪತ್ತು ಮೂವತ್ತು ರೂಪಾಯಿ. ಅದಕ್ಕೆ ಬದಲಾಗಿ ಬರುವ ಗಟ್ಟಿ ರಬ್ಬರಿನ ಗ್ರೋಮೆಟ್ ಒಂದು ಬೇಸಿಗೆಗೆ ಬಿರುಕು ಬಿಟ್ಟು ಸಬ್‌ಮೇನ್ ಉದ್ದಕ್ಕೂ ಸೋರುತ್ತದೆ. ಆಗ ಮಣ್ಣು ತೋಡಿ ನಲವತ್ತೆರಡನ್ನೂ ಬದಲಿಸುವ ಕೂಲಿ ಸಾವಿರದ ಮೇಲೆ. ಸಣ್ಣ ಸಾಮಾನಿನಲ್ಲಿ ಒಳ್ಳೆಯದನ್ನೇ ತನ್ನಿ, ಉಳಿಸಬೇಕಾದ್ದನ್ನು ಪೈಪಿನ ಉದ್ದದಲ್ಲಿ, ಸಾಲಿನ ಅಂತರದಲ್ಲಿ ನೋಡಿ.

ಪೈಪಿನಲ್ಲೇ ಕಮ್ಮಿ ದರದ್ದು ತಂದರೆ? ಸಿಗುತ್ತದೆ. ಸಂತೆ ದಿನ ರಸ್ತೆ ಬದಿ ರಾಶಿ ಹಾಕಿ ಮೀಟರಿಗೆ ಐದು ರೂಪಾಯಿಗೆಲ್ಲ ಮಾರುತ್ತಾರೆ. ಏಳು ಉರುಳೆಗೆ 22,400 ರೂಪಾಯಿ ಉಳಿತಾಯ ಕಾಣುತ್ತದೆ. ಆದರೆ ಅದರ ಗೋಡೆ ತೆಳು. ಎರಡು ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗಿ ಹಾಗೇ ಉಳಿಯುತ್ತದೆ. ಮರುಬಳಕೆ ಪ್ಲಾಸ್ಟಿಕ್ಕಿನದಾದರೆ ಮೂಗಿಗೆ ಹಿಡಿದರೂ ಗೊತ್ತಾಗುತ್ತದೆ. ಮೇಲ್ಮೈ ಒರಟು, ಕಪ್ಪು ಒಂದೇ ಸಮ ಇರುವುದಿಲ್ಲ. ಒಂದು ಬೆಳೆ ಹಾಕಿ ಸುತ್ತಿಟ್ಟು ಮತ್ತೆ ಬಿಡಿಸುವಾಗ ಮಡಿಕೆ ಬಿದ್ದ ಕಡೆಯೆಲ್ಲ ಸೀಳುತ್ತದೆ. ಮಾನಕ ಗುರುತಿರುವ ಇನ್‌ಲೈನ್ ಪೈಪಿನ ಮೈಮೇಲೆ ಐಎಸ್‌ಐ ಚಿಹ್ನೆಯ ಜೊತೆ ಐಎಸ್ 13488 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಪಿವಿಸಿ ಪೈಪಿನ ಮೇಲೆ ಐಎಸ್ 4985. ಉರುಳೆ ಬಿಚ್ಚುವ ಮೊದಲು ಇದನ್ನು ಓದಿ. ಸಬ್ಸಿಡಿಗಂತೂ ಈ ಗುರುತಿಲ್ಲದ ಪೈಪು ನಡೆಯುವುದೇ ಇಲ್ಲ.

ಅಂತೂ ಸಬ್ಸಿಡಿಗೆ ಬಂದೆವು. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯಡಿ ಶುರುವಾದ "ಪರ್ ಡ್ರಾಪ್ ಮೋರ್ ಕ್ರಾಪ್" ಕಾರ್ಯಕ್ರಮದ ಪ್ರಕಾರ ಐದು ಎಕರೆವರೆಗಿನ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ನೂರಕ್ಕೆ 55, ಉಳಿದವರಿಗೆ 45. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಏರಿಸುತ್ತದೆ. ಕರ್ನಾಟಕದಲ್ಲಿ ನಾವು ಕೇಳುವ 75, 90 ಎಂಬ ಸಂಖ್ಯೆಗಳು ಹಾಗೆ ಹುಟ್ಟಿದವು. ಯಾರಿಗೆ ಎಷ್ಟು, ಎಷ್ಟು ಎಕರೆವರೆಗೆ ಎಂಬುದು ವರ್ಷಕ್ಕೆ ತಕ್ಕಂತೆ, ವರ್ಗಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಆದ್ದರಿಂದ ಪಕ್ಕದ ಮನೆಯವರಿಗೆ ಹೋದ ವರ್ಷ ಸಿಕ್ಕಿದ್ದನ್ನು ನಂಬಿ ಕೂರದೆ ಈ ವರ್ಷದ ಸುತ್ತೋಲೆಯನ್ನೇ ಕೇಳಿ ನೋಡಬೇಕು. ಹಣ್ಣು ತರಕಾರಿಗೆ ತೋಟಗಾರಿಕೆ ಇಲಾಖೆ, ಕಬ್ಬು ಮೊದಲಾದ ಹೊಲದ ಬೆಳೆಗೆ ಕೃಷಿ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ.

ನಮ್ಮವನನ್ನು ಗೊಂದಲಕ್ಕೆ ಕೆಡವಿದ್ದು ಪರ್ಸೆಂಟಿನ ಸಂಖ್ಯೆಯಲ್ಲ, ಅದು ಯಾವುದರ ಮೇಲೆ ಎಂಬುದು. ತೊಂಬತ್ತು ಪರ್ಸೆಂಟ್ ಎಂದರೆ ನಿಮ್ಮ ಬಿಲ್ಲಿನ ತೊಂಬತ್ತಲ್ಲ. ಸರ್ಕಾರ ಆ ಸಾಲಿನ ಅಂತರಕ್ಕೆ, ಆ ವಿಸ್ತೀರ್ಣಕ್ಕೆ ನಿಗದಿ ಮಾಡಿದ ಘಟಕ ವೆಚ್ಚದ ತೊಂಬತ್ತು. ಬಿಲ್ಲು ಅದಕ್ಕಿಂತ ಕಮ್ಮಿ ಇದ್ದರೆ ಬಿಲ್ಲಿನ ಮೇಲೆ, ಹೆಚ್ಚಿದ್ದರೆ ಘಟಕ ವೆಚ್ಚದ ಮೇಲೆ. ಮೇಲಿನದೆಲ್ಲ ರೈತನ ತಲೆಗೆ.

ಲೆಕ್ಕಕ್ಕೆ ಘಟಕ ವೆಚ್ಚ ಎಕರೆಗೆ 45,000 ಎಂದಿಟ್ಟುಕೊಳ್ಳೋಣ. ತೊಂಬತ್ತರಂತೆ ಸರ್ಕಾರ ಕೊಡುವುದು 40,500. ಬಿಲ್ಲು 58,000. ಕಳೆದರೆ ರೈತನ ಪಾಲು 17,500. ಬಿಲ್ಲಿನ ಮೇಲೆ ನೋಡಿದರೆ ಸಬ್ಸಿಡಿ ನಿಜವಾಗಿ ಸಿಕ್ಕಿದ್ದು ನೂರಕ್ಕೆ 70. ಅದೇ ರೈತನಿಗೆ 75 ಪರ್ಸೆಂಟ್ ಮಾತ್ರ ಅನ್ವಯವಾದರೆ ಸರ್ಕಾರದ ಪಾಲು 33,750, ಕೈಯಿಂದ ಹೋಗುವುದು 24,250. ಐವತ್ತೈದಾದರೆ 33,250. ನಲವತ್ತೈದಾದರೆ 37,750. ಡೀಲರ್ ಹತ್ತಿರ ಕೇಳಬೇಕಾದ ಪ್ರಶ್ನೆ "ಎಷ್ಟು ಪರ್ಸೆಂಟ್?" ಅಲ್ಲ. "ನನ್ನ ಸಾಲಿಗೆ ಘಟಕ ವೆಚ್ಚ ಎಷ್ಟು ರೂಪಾಯಿ? ಬಿಲ್ಲಿನಲ್ಲಿ ಅದರಾಚೆ ಇರುವುದು ಯಾವ ಯಾವ ಬಾಬ್ತು?" ಈ ಎರಡು ಕೇಳಿದರೆ ಉಳಿದದ್ದು ತಾನಾಗಿ ಹೊರಬರುತ್ತದೆ.

ನಮ್ಮ ಬಿಲ್ಲಿನಲ್ಲಿ ಹಾಗೆ ಆಚೆ ಉಳಿದದ್ದು ಯಾವುದು? ಒಂದು, ಬೋರು ದೂರವಿದ್ದದ್ದರಿಂದ ಬೇಕಾದ ಮೇನ್ ಪೈಪು. ಘಟಕ ವೆಚ್ಚ ಒಂದು ಸಾಧಾರಣ ಹೊಲಕ್ಕೆ ಕಟ್ಟಿದ ಲೆಕ್ಕ. ನಿಮ್ಮ ಬೋರು ಇನ್ನೂರು ಮೀಟರ್ ದೂರವಿದ್ದರೆ ಅದರ ಭಾರ ನಿಮ್ಮದೇ. ಇನ್ನೊಂದು, ಪೈಪಿನ ಗೋಡೆ ಸ್ವಲ್ಪ ದಪ್ಪನೆಯದನ್ನು ಆರಿಸಿದ್ದು. ಮೂರನೆಯದು, ಒಂದೇ ಎಕರೆಗೆ ಪೂರಾ ಫಿಲ್ಟರ್, ವೆಂಚುರಿ ಬೇಕಾದದ್ದು. ಈ ತಲೆಭಾಗದ ಸಾಮಾನು ಒಂದು ಎಕರೆಗೂ ಅಷ್ಟೇ, ಎರಡು ಎಕರೆಗೂ ಅಷ್ಟೇ. ಹಾಗಾಗಿ ಎರಡು ಎಕರೆಗೆ ಬಿಲ್ಲು ಎರಡರಷ್ಟಾಗುವುದಿಲ್ಲ, ಎಕರೆ ಲೆಕ್ಕದಲ್ಲಿ ಇಳಿಯುತ್ತದೆ. ಪಕ್ಕದ ಎಕರೆಯನ್ನೂ ಮುಂದಿನ ವರ್ಷ ಮಾಡುವ ಮನಸ್ಸಿದ್ದರೆ ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ಇವೆಲ್ಲದರ ಮೇಲೆ, ಯಾವ ಬಿಲ್ಲಿನಲ್ಲೂ ಬಾರದ ಖರ್ಚು ಕಾಲುವೆ ತೋಡುವುದು. 124 ಮೀಟರ್ ಉದ್ದಕ್ಕೆ ಎರಡಡಿ ಆಳ ತೋಡಿ ಮುಚ್ಚಲು ಆಳು ಹಿಡಿದರೂ, ಜೆಸಿಬಿ ಕರೆಸಿದರೂ ಅದು ರೈತನದ್ದೇ. ಉಳುವ ನೇಗಿಲು ತಾಗಬಾರದೆಂದರೆ ಅಷ್ಟು ಆಳ ಬೇಕು.

ಸಬ್ಸಿಡಿ ಕೈತಪ್ಪುವ ದಾರಿಗಳೂ ಕೆಲವಿವೆ. ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಆತುರದಲ್ಲಿ. ಸಸಿ ಬಂದುಬಿಟ್ಟಿದೆ, ಮಳೆ ಹೋಗುತ್ತಿದೆ ಎಂದು ಕಾರ್ಯಾದೇಶ ಬರುವ ಮೊದಲೇ ಪೈಪು ಹಾಸಿಬಿಡುತ್ತಾರೆ. ಮೊದಲೇ ಹಾಸಿದ್ದಕ್ಕೆ ಸಹಾಯಧನ ಸಿಗುವುದು ಕಷ್ಟ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ನೀರಿನ ಮೂಲದ ದಾಖಲೆ, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ, ಮತ್ತೆ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಇವು ಕೈಯಲ್ಲಿರಬೇಕು. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಅಲ್ಲೇ ಆರು ತಿಂಗಳು ನಿಲ್ಲುತ್ತದೆ. ಡ್ರಿಪ್ ಬೇಕೆನ್ನಿಸುವ ಮೊದಲೇ ಖಾತೆ ಮಾಡಿಸಿಟ್ಟುಕೊಳ್ಳುವುದು ಒಳಿತು.

ಹಾಸಿದ ಮೇಲೆ ಅಧಿಕಾರಿಗಳು ಬಂದು ಅಳತೆ ಮಾಡಿ, ಸ್ಥಳದ ಗುರುತು ಬೀಳುವಂತೆ ಫೋಟೊ ತೆಗೆಯುತ್ತಾರೆ. ಅರ್ಜಿಯಲ್ಲಿ ನಾಲ್ಕಡಿ ಸಾಲು ಎಂದು ಬರೆಸಿ ಹೊಲದಲ್ಲಿ ಐದಡಿ ಹಾಕಿದ್ದರೆ ಅಲ್ಲಿ ಸಿಕ್ಕುತ್ತದೆ. "ನಾಲ್ಕಡಿ ಎಂದು ಬರೆಸೋಣ, ಹೆಚ್ಚು ಬರುತ್ತೆ" ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಆ ಹೆಚ್ಚಿನ 665 ಮೀಟರ್ ಪೈಪು ಎಲ್ಲಿ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ಹೊಲದ ಯಜಮಾನರು. ಇನ್ನೊಂದು ವಿಷಯ: ಒಮ್ಮೆ ಸಹಾಯಧನ ಪಡೆದ ಅದೇ ಜಮೀನಿಗೆ ಮತ್ತೆ ಪಡೆಯಲು ಏಳು ವರ್ಷ ಕಾಯಬೇಕು. ಅಂದರೆ ಈಗ ತರುವ ಪೈಪು ಏಳು ವರ್ಷ ಬಾಳಬೇಕು. ಐದು ರೂಪಾಯಿಯದೋ ಹದಿಮೂರು ರೂಪಾಯಿಯದೋ ಎಂಬ ಪ್ರಶ್ನೆಯನ್ನು ಈ ಏಳು ವರ್ಷದ ಜೊತೆ ಇಟ್ಟು ನೋಡಬೇಕು.

ನಮ್ಮವನು ಹದಿನೇಳೂವರೆ ಸಾವಿರ ಕಟ್ಟಿದ. ಆದೇಶ ಬಂತು, ಸಾಮಾನು ಬಂತು. ಉರುಳೆ ಇಳಿಸುವಾಗ ಒಂದೊಂದರ ಮೇಲೂ 400 ಮೀಟರ್ ಎಂದಿದೆಯೇ ನೋಡಿ ಏಳನ್ನೂ ಎಣಿಸಿ ಇಳಿಸಿಕೊಂಡೆವು. ಹಾಸಿದ ಮೇಲೆ ಸಾಲು ಎಣಿಸಿದೆವು, ನಲವತ್ತೆರಡು. ಒಂದು ಸಾಲನ್ನು ಟೇಪು ಹಿಡಿದು ಅಳೆದೆವು. ಸಾಲಿನ ಸಂಖ್ಯೆಯನ್ನು ಉದ್ದದಿಂದ ಗುಣಿಸಿದರೆ ಬಿಲ್ಲಿನಲ್ಲಿರುವ ಪೈಪಿಗೆ ತಾಳೆಯಾಗಬೇಕು, ಅಷ್ಟೇ. ಇದಕ್ಕೆ ಹತ್ತು ನಿಮಿಷ ಸಾಕು, ಆದರೂ ಹೆಚ್ಚಿನವರು ಮಾಡುವುದಿಲ್ಲ.

ನೀರು ಬಿಡುವ ದಿನ ಎಂಡ್ ಕ್ಯಾಪುಗಳನ್ನು ಹಾಕದೆ ಹಾಗೇ ಬಿಟ್ಟು ಮೋಟರ್ ಹಾಕಿದೆವು. ತೂತು ಕೊರೆದಾಗ ಬಿದ್ದ ಪಿವಿಸಿ ಪುಡಿ, ಮಣ್ಣು ಎಲ್ಲ ಸಾಲಿನ ತುದಿಯಿಂದ ಹೊರಬಿತ್ತು. ಮೊದಲು ಕ್ಯಾಪ್ ಹಾಕಿ ಆಮೇಲೆ ನೀರು ಬಿಟ್ಟರೆ ಆ ಪುಡಿ ಡ್ರಿಪ್ಪರಿಗೇ ಹೋಗಿ ಕೂರುತ್ತದೆ. ಹೊಸ ಪೈಪು ಮೊದಲ ವಾರವೇ ಕಟ್ಟಿಕೊಂಡಿತು ಎನ್ನುವವರ ಹೊಲದಲ್ಲಿ ಬಹಳ ಸಲ ಇದೇ ಆಗಿರುತ್ತದೆ. ನೀರು ತಿಳಿಯಾದ ಮೇಲೆ ಕ್ಯಾಪ್ ಹಾಕಿದೆವು. ಗೇಜು ಒಂದು ಕೆಜಿ ಒತ್ತಡ ತೋರಿಸುತ್ತಿತ್ತು.

ಆಮೇಲೆ ಮನೆಯಿಂದ ನಾಲ್ಕು ಸ್ಟೀಲ್ ಲೋಟ, ಮಗುವಿಗೆ ಔಷಧಿ ಅಳೆಯುವ ಹಳೇ ಅಳತೆ ಬಾಟಲಿ ತರಿಸಿದೆ. ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಆರು ನಿಮಿಷಕ್ಕೆ 200 ಮಿಲಿ ಬಿಡಬೇಕು. ಡ್ರಿಪ್ಪರಿನ ಕೆಳಗೆ ಸ್ವಲ್ಪ ಮಣ್ಣು ಬಗೆದು ಲೋಟ ಕೂರಿಸಿದೆವು. ವಾಲ್ವಿನ ಹತ್ತಿರದ ಸಾಲಿನ ತಲೆಯಲ್ಲೊಂದು, ಅದೇ ಸಾಲಿನ ಬಾಲದಲ್ಲೊಂದು, ಸಬ್‌ಮೇನ್ ಕೊನೆಯ ಸಾಲಿನ ತಲೆಯಲ್ಲೊಂದು, ಅದರ ಬಾಲದಲ್ಲೊಂದು. ಫೋನಿನಲ್ಲಿ ಆರು ನಿಮಿಷ ಇಟ್ಟುಕೊಂಡು ಕಾದೆವು. ಮೊದಲ ಮೂರರಲ್ಲಿ 205, 195, 195 ಬಂತು. ನಾಲ್ಕನೆಯದರಲ್ಲಿ 150.

"ಅಣ್ಣಾ, ಇದೊಂದು ಡ್ರಿಪ್ಪರ್ ಹಾಳಾಗಿರಬೇಕು" ಎಂದ ಅವನು. ಪಕ್ಕದ ಡ್ರಿಪ್ಪರಿಗೆ ಹಿಡಿದರೂ ಅಷ್ಟೇ ಬಂತು. ಅಂದರೆ ದೋಷ ಡ್ರಿಪ್ಪರಿನದಲ್ಲ, ಸಾಲಿನದು. ಸಾಲಿನುದ್ದಕ್ಕೂ ನಡೆದು ನೋಡಿದೆವು. ಇಪ್ಪತ್ತು ಮೀಟರಿನ ಹತ್ತಿರ ಉರುಳೆ ಬಿಡಿಸುವಾಗ ಪೈಪು ತಿರುಚಿಕೊಂಡು ಒಂದು ಕಡೆ ಮಡಿಕೆ ಬಿದ್ದಿತ್ತು, ಮೇಲೆ ಮಣ್ಣು ಮುಚ್ಚಿದ್ದರಿಂದ ಕಂಡಿರಲಿಲ್ಲ. ಅಷ್ಟು ತುಂಡನ್ನು ಕತ್ತರಿಸಿ ತೆಗೆದು, ಇಪ್ಪತ್ತು ಜಾಯಿನರ್‌ಗಳಲ್ಲಿ ಮೊದಲ ಎರಡನ್ನು ಬಳಸಿ, ಏಳನೇ ಉರುಳೆಯಲ್ಲಿ ಉಳಿದಿದ್ದ ಪೈಪಿನಿಂದ ಒಂದು ಮೊಳ ಸೇರಿಸಿದೆವು. ಮತ್ತೆ ಲೋಟ ಇಟ್ಟು ಆರು ನಿಮಿಷ ಕಾದೆವು. 190 ಬಂತು. ಉಳಿದ ಪೈಪನ್ನು ಸುತ್ತಿ, ಬಿಸಿಲು ತಾಗದಂತೆ, ಇಲಿ ಕಡಿಯದಂತೆ ಪಂಪ್‌ಸೆಟ್ ಮನೆಯ ಅಟ್ಟದಲ್ಲಿ ನೇತುಹಾಕಿದ. ಅಳತೆ ಬಾಟಲಿಯನ್ನೂ ಅಲ್ಲೇ ಮೊಳೆಗೆ ಸಿಕ್ಕಿಸಿ, ಗೋಡೆಯ ಮೇಲೆ ಇದ್ದಿಲಿನಲ್ಲಿ "6 ನಿಮಿಷ, 200" ಎಂದು ಬರೆದಿಟ್ಟ.